ಕಾರವಾರ ಬ್ರಾಂಚಿನ ಶಾರ್ಟೇಜು: ಸ್ಟಾಕ್ ಖಾತೆ ಹೇಳಿದ್ದು, ಹೇಳದೇ ಬಿಟ್ಟದ್ದು

ಶಿರಸಿಯಲ್ಲಿ ಪಾತ್ರೆ, ಕುಕ್ಕರ್, ಮಿಕ್ಸರ್ ವ್ಯಾಪಾರದ ಅಂಗಡಿಯೊಂದರ ಲೆಕ್ಕ ನನ್ನ ಕೈಯಲ್ಲಿದೆ. ಅದರ ಬ್ರಾಂಚ್ ಕಾರವಾರದಲ್ಲಿದೆ. ಮಾಲೆಲ್ಲ ಇಲ್ಲಿಂದಲೇ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗುತ್ತದೆ. ಬ್ರಾಂಚಿನಲ್ಲಿ ಲೆಜರ್ ಇಲ್ಲ. ಅಲ್ಲಿ ಇರುವುದು ಬಿಲ್ ಪುಸ್ತಕ, ಮಾಲು ಬಂದದ್ದನ್ನು ಬರೆಯುವ ರಿಜಿಸ್ಟರ್, ಮತ್ತು ದಿನದ ಕ್ಯಾಶ್ ಶೀಟ್. ಖಾತೆಗಳೆಲ್ಲ ಹೆಡ್ ಆಫೀಸಿನಲ್ಲಿ, ಸ್ಟಾಕ್ ಅಂಡ್ ಡೆಟರ್ಸ್ ಪದ್ಧತಿಯಲ್ಲಿ, ಅಂದರೆ ಬ್ರಾಂಚಿನ ಮಾಲಿಗೆ, ಬಾಕಿದಾರರಿಗೆ, ಲಾಭಕ್ಕೆ ಬೇರೆ ಬೇರೆ ಖಾತೆ ಇಟ್ಟು.

ನಾವು ಮಾಲನ್ನು ಅಸಲು ದರದಲ್ಲಿ ಕಳಿಸುವುದಿಲ್ಲ. ಅಸಲಿಗೆ ಶೇ. 25 ಸೇರಿಸಿದ ಇನ್‌ವಾಯ್ಸ್ ದರದಲ್ಲಿ ಕಳಿಸುತ್ತೇವೆ, ಬ್ರಾಂಚ್ ಅದೇ ದರಕ್ಕೆ ಮಾರಬೇಕು. ಅಸಲು 100 ಆದರೆ ಇನ್‌ವಾಯ್ಸ್ 125, ಸೇರಿಸಿದ 25 ಲೋಡಿಂಗ್. ಹಾಗಾಗಿ ಇನ್‌ವಾಯ್ಸ್ ಮೊತ್ತದಿಂದ ಲೋಡಿಂಗ್ ತೆಗೆಯುವಾಗ ಐದರಲ್ಲಿ ಒಂದು ಪಾಲು ತೆಗೆಯಬೇಕು, ನಾಲ್ಕರಲ್ಲಿ ಒಂದಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಜಿಎಸ್‌ಟಿಯನ್ನು ಈ ದರಗಳಿಂದ ಪೂರ್ತಿ ಹೊರಗಿಡಬೇಕು. ತೆರಿಗೆ ಸೇರಿದ ಬಿಲ್ ಮೊತ್ತವನ್ನೇ ಸ್ಟಾಕ್ ಖಾತೆಗೆ ಜಮಾ ಮಾಡಿದರೆ ಇಲ್ಲದ ಮಾಲು ಮಾರಿದಂತೆ ಕಾಣುತ್ತದೆ.

ಬ್ರಾಂಚ್ ಸ್ಟಾಕ್ ಖಾತೆ ಎರಡೂ ಬದಿಯಲ್ಲಿ ಇನ್‌ವಾಯ್ಸ್ ದರದಲ್ಲೇ ನಡೆಯುತ್ತದೆ. ಅದರಲ್ಲಿ ಲಾಭ ಬರುವ ಪ್ರಶ್ನೆಯೇ ಇಲ್ಲ. ಎಲ್ಲ ಸರಿಯಿದ್ದರೆ ಖಾತೆಯ ಬಾಕಿಯೂ ಅಂಗಡಿಯಲ್ಲಿ ಎಣಿಸಿದ ಮಾಲೂ ಒಂದೇ ಆಗಬೇಕು. ಸಾಧಾರಣ ಬ್ರಾಂಚ್ ಖಾತೆಯಲ್ಲಿ ವರ್ಷದ ಕೊನೆಗೆ ಒಂದು ಲಾಭದ ಅಂಕಿ ಸಿಕ್ಕೀತು, ಆದರೆ ಕಳೆದುಹೋದ ಮಾಲು ಆ ಅಂಕಿಯೊಳಗೇ ಮುಚ್ಚಿಹೋಗುತ್ತದೆ. ಇಲ್ಲಿ ಅದು ಬೇರೆಯಾಗಿ ಎದ್ದು ಕಾಣುತ್ತದೆ.

ಒಂದು ವರ್ಷದ ಮಾರ್ಚ್ 31ರ ಲೆಕ್ಕವನ್ನು, ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಆರಂಭದ ಸ್ಟಾಕ್ 2,00,000 ರೂಪಾಯಿ, ವರ್ಷದಲ್ಲಿ ಕಳಿಸಿದ ಮಾಲು 10,00,000, ಉದ್ರಿ ಗಿರಾಕಿಗಳು ಬ್ರಾಂಚಿಗೆ ವಾಪಸ್ ಕೊಟ್ಟದ್ದು 20,000. ಇವು ಡೆಬಿಟ್ ಬದಿ. ಕ್ರೆಡಿಟ್ ಬದಿಯಲ್ಲಿ ನಗದು ಮಾರಾಟ 4,20,000, ಉದ್ರಿ ಮಾರಾಟ 5,40,000, ಬ್ರಾಂಚ್ ನಮಗೆ ಹಿಂದಿರುಗಿಸಿದ ಮಾಲು 50,000. ಉಳಿಯಬೇಕಾದದ್ದು 2,10,000. ಎಣಿಸಿದಾಗ ಸಿಕ್ಕಿದ್ದು 1,70,000. ನಲವತ್ತು ಸಾವಿರದ ಮಾಲು ಇಲ್ಲ!

ಯಜಮಾನರು ಮ್ಯಾನೇಜರ್‌ಗೆ ಆಗಲೇ ಫೋನ್ ಹಚ್ಚಲು ಹೊರಟಿದ್ದರು. ಮೊದಲು ಚಲನ್ ನೋಡಿಬಿಡೋಣ ಎಂದು ತಡೆದೆ. ನಮ್ಮ ಡೆಲಿವರಿ ಚಲನ್‌ಗಳ ಕೊನೆಯ ನಂಬರುಗಳನ್ನೂ ಬ್ರಾಂಚಿನ ರಿಜಿಸ್ಟರ್‌ನಲ್ಲಿ ಕೊನೆಗೆ ಬರೆದ ನಂಬರುಗಳನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ಮಾರ್ಚ್ ಕೊನೆಯ ದಿನ ಇಲ್ಲಿ ಲಾರಿಗೆ ಹೇರಿದ ಒಂದು ಚಲನ್ ಅಲ್ಲಿ ಏಪ್ರಿಲ್‌ನಲ್ಲಿ ಇಳಿದಿತ್ತು, ಮೊತ್ತ 25,000. ದಾರಿಯಲ್ಲಿದ್ದ ಆ ಮಾಲು ನಮ್ಮದೇ. ಅದನ್ನು ಅಂತಿಮ ಸ್ಟಾಕಿಗೆ ಸೇರಿಸಿದೆ, ಒಟ್ಟು 1,95,000 ಆಯಿತು. ಕೊರತೆ 15,000ಕ್ಕೆ ಇಳಿಯಿತು.

ಎರಡನೆಯದು ಬಿಲ್ ಪುಸ್ತಕ. ಇದು ಬೇಸರದ ಕೆಲಸ, ಆದರೆ ಗುಟ್ಟು ಇರುವುದು ಇಲ್ಲೇ. ಪ್ರತಿ ಬಿಲ್ಲಿನ ದರವನ್ನು ನಮ್ಮ ದರಪಟ್ಟಿಯ ಜೊತೆ ಹೋಲಿಸುತ್ತ ಹೋದೆ. ಪಟ್ಟಿಯಲ್ಲಿ 2,000 ಇದ್ದ ಕುಕ್ಕರ್ 1,700ಕ್ಕೆ ಹೋಗಿತ್ತು. ಅಂಥವು ಹಲವು ಇದ್ದವು. ಕೇಳಿದರೆ ಮ್ಯಾನೇಜರ್, “ಎಂತ ಮಾಡೂದು ಭಟ್ರೇ, ಲಾರಿಯಲ್ಲಿ ಬರುವಾಗಲೇ ಸೊಟ್ಟ ಆದದ್ದು. ಪೂರ್ತಿ ರೇಟಿಗೆ ಯಾರು ತಗಂಡು ಹೋಗ್ತಾರೆ?” ಎಂದರು. ಯಜಮಾನರೇ ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದರಂತೆ. ಲೆಕ್ಕಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ. 2,000ದ ಮಾಲು ಹೋಗಿ 1,700 ಜಮಾ ಆದಾಗ, ಉಳಿದ 300 ಸ್ಟಾಕ್ ಖಾತೆಯಲ್ಲಿ ಕೊರತೆಯಾಗಿ ಕೂತಿರುತ್ತದೆ. ಮಾಲು ಹೋದದ್ದಲ್ಲ, ದರ ಇಳಿದದ್ದು. ಹೀಗೆ ಸಿಕ್ಕ ರಿಯಾಯಿತಿ ಒಟ್ಟು 6,000. ಇದನ್ನು ಪೂರ್ತಿಯಾಗಿ, ಲೋಡಿಂಗ್ ಲೆಕ್ಕ ಇಡುವ ಬ್ರಾಂಚ್ ಅಡ್ಜಸ್ಟ್‌ಮೆಂಟ್ ಖಾತೆಗೆ ಡೆಬಿಟ್ ಮಾಡಿ, ಸ್ಟಾಕ್ ಖಾತೆಗೆ ಕ್ರೆಡಿಟ್ ಕೊಟ್ಟೆ.

ಬಿಲ್ ಮಾಡದೆ ಹೋಟೆಲ್‌ಗಳಿಗೆ ಉದ್ರಿ ಕೊಟ್ಟ ಮಾಲೂ ಕೊರತೆಯಾಗಿಯೇ ಕಾಣುತ್ತದೆ. ಅದಕ್ಕಾಗಿ ಬಾಕಿದಾರರಿಗೆಲ್ಲ ಅವರ ಬಾಕಿ ಬರೆದು ಪತ್ರ ಕಳಿಸಿ, ಅವರಿಂದ ನಮಗೇ ನೇರ ಉತ್ತರ ತರಿಸಿಕೊಂಡೆವು. ಡೆಟರ್ಸ್ ಖಾತೆ ಸರಿ ಹೊಂದಿತು: ಆರಂಭದ ಬಾಕಿ 90,000ಕ್ಕೆ ಉದ್ರಿ ಮಾರಾಟ ಸೇರಿಸಿ, ವಾಪಸ್ ಬಂದ ಮಾಲು, ವಸೂಲಿ 4,80,000, ಮುಳುಗಿದ ಬಾಕಿ 6,000, ಬೇಗ ಕೊಟ್ಟವರಿಗೆ ಬಿಟ್ಟ ಡಿಸ್ಕೌಂಟ್ 4,000 ಕಳೆದರೆ 1,20,000. ಈ ಡಿಸ್ಕೌಂಟೂ ಕುಕ್ಕರಿನ ರಿಯಾಯಿತಿಯೂ ಒಂದೇ ಅಲ್ಲ. ಇದು ವಸೂಲಿಯಲ್ಲಿ ಬಿಟ್ಟದ್ದು, ಸ್ಟಾಕ್ ಖಾತೆಯನ್ನು ಮುಟ್ಟುವುದಿಲ್ಲ, ನೇರವಾಗಿ ಬ್ರಾಂಚಿನ ಲಾಭ-ನಷ್ಟ ಖಾತೆಗೆ ಹೋಗುತ್ತದೆ.

ಕೊನೆಗೆ ಉಳಿದ 9,000 ನಿಜವಾದ ಕೊರತೆ. ಹೆಚ್ಚಿನದು ಗ್ಯಾಸ್ ಲೈಟರ್, ಸ್ಟೀಲ್ ಲೋಟ, ಮಿಕ್ಸರ್ ಜಾರ್‌ನಂಥ ಸಣ್ಣ ಸಾಮಾನು. ಇದರಲ್ಲಿ ಲೋಡಿಂಗ್ 1,800, ಅಸಲು 7,200. ಲೋಡಿಂಗ್ ಅಡ್ಜಸ್ಟ್‌ಮೆಂಟ್ ಖಾತೆಗೆ, ಅಸಲು ಲಾಭ-ನಷ್ಟ ಖಾತೆಗೆ. ನಮ್ಮ ಕೈಯಿಂದ ಹೋದದ್ದು 7,200 ಮಾತ್ರ, 1,800 ಬರಬೇಕಾಗಿದ್ದ ಲಾಭ.

ಈಗ ಅಡ್ಜಸ್ಟ್‌ಮೆಂಟ್ ಖಾತೆ. ಆರಂಭದ ಸ್ಟಾಕಿನ ಲೋಡಿಂಗ್ 40,000, ಕಳಿಸಿದ ಮಾಲಿನದು 2,00,000, ಹಿಂದಿರುಗಿ ಬಂದ ಮಾಲಿನದು 10,000 ಕಳೆದು 2,30,000. ಇದರಲ್ಲಿ ಅಂತಿಮ ಸ್ಟಾಕಿನ ಮೇಲಿನ 39,000 ಇನ್ನೂ ಗಳಿಸದ ಲಾಭ, ಸ್ಟಾಕ್ ರಿಸರ್ವ್ ಆಗಿ ಮುಂದಿನ ವರ್ಷಕ್ಕೆ ಹೋಗುತ್ತದೆ. ರಿಯಾಯಿತಿ 6,000, ಕೊರತೆಯ 1,800 ಕಳೆದರೆ ಒಟ್ಟು ಲಾಭ 1,83,200. ತಾಳೆ ನೋಡುವುದು ಸುಲಭ: ನಿವ್ವಳ ಮಾರಾಟ 9,40,000, ಅದರ ಪಟ್ಟಿ ದರ 9,46,000, ಅದರ ಅಸಲು 7,56,800. ವ್ಯತ್ಯಾಸ ಅದೇ 1,83,200. ಇದರಿಂದ ಕೊರತೆಯ ಅಸಲು, ಬಾಡಿಗೆ-ಸಂಬಳ ಇತ್ಯಾದಿ 92,000, ಬಾಕಿ ಮುಳುಗಿದ್ದು ಮತ್ತು ಡಿಸ್ಕೌಂಟ್ ಸೇರಿ 10,000 ಕಳೆದು ನಿವ್ವಳ ಲಾಭ 74,000.

ರಿಯಾಯಿತಿಯನ್ನು ಬೇರ್ಪಡಿಸದೆ ಹದಿನೈದು ಸಾವಿರವನ್ನೂ ಕೊರತೆ ಎಂದೇ ಬರೆದಿದ್ದರೂ ನಿವ್ವಳ ಲಾಭ ಇದೇ 74,000 ಬರುತ್ತಿತ್ತು, ಬೇಕಿದ್ದರೆ ಮಾಡಿ ನೋಡಿ. ಆಡಿಟರ್‌ಗೆ ವ್ಯತ್ಯಾಸ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ಮ್ಯಾನೇಜರ್ ತಲೆಗೆ ಆರು ಸಾವಿರದ ಮಾಲು ಹೆಚ್ಚಿಗೆ ಕಟ್ಟಿದಂತಾಗುತ್ತಿತ್ತು, ಅದೂ ಯಜಮಾನರೇ ಬಿಡು ಎಂದ ಹಣಕ್ಕೆ. ಈಗ ರಿಯಾಯಿತಿ ಕೊಟ್ಟ ಬಿಲ್ಲಿನ ಮೇಲೆ ಪಟ್ಟಿ ದರವನ್ನೂ ಬರೆಯಬೇಕು, ಒಪ್ಪಿಗೆ ವಾಟ್ಸ್ಆ್ಯಪ್‌ನಲ್ಲಿ ನನಗೂ ಬರಬೇಕು ಎಂದು ಮಾಡಿದ್ದೇವೆ.

ಇದೇ ಕಾರಣಕ್ಕೆ ತಾಮ್ರ, ಹಿತ್ತಾಳೆಯ ಹಂಡೆ, ದೀಪಗಳನ್ನು ಈ ಖಾತೆಯಿಂದ ಹೊರಗಿಟ್ಟಿದ್ದೇನೆ. ಅವನ್ನು ತೂಕದ ಮೇಲೆ ಮಾರುತ್ತಾರೆ, ದರ ಆಗಾಗ ಬದಲಾಗುತ್ತದೆ, ಚೌಕಾಸಿಯೂ ಇದೆ. ದರ ಏರಿದಾಗ ಇನ್‌ವಾಯ್ಸ್‌ಗಿಂತ ಹೆಚ್ಚು ಜಮಾ ಆಗಿ ಸ್ಟಾಕ್ ಖಾತೆಯಲ್ಲಿ ಹೆಚ್ಚುವರಿ ಹುಟ್ಟುತ್ತದೆ, ಅದು ಲೋಟ-ಲೈಟರಿನ ಕೊರತೆಯನ್ನು ಸದ್ದಿಲ್ಲದೆ ತುಂಬಿಬಿಡುತ್ತದೆ. ಹಿತ್ತಾಳೆಗೆ ಕಿಲೋ ಲೆಕ್ಕದ ರಿಜಿಸ್ಟರ್ ಬೇರೆ, ಮಾರಾಟದ ಬಿಲ್ ಪುಸ್ತಕವೂ ಬೇರೆ. ಪ್ರತಿ ತಿಂಗಳ ಕೊನೆಗೆ ತಕ್ಕಡಿಯಲ್ಲಿ ಇಟ್ಟು ತೂಗಿ ನೋಡುತ್ತಾರೆ.