ಆ್ಯಪ್‌ನಲ್ಲಿ ಕೈಮಗ್ಗದ ಸೀರೆ ಮಾರೋದಕ್ಕೆ ಹೆಸರು, ವಿವರ ಬರೆಯುವುದು ಹೇಗೆ?

'ಸುಂದರ ಹೊಸ ಸೀರೆ, ಅಪ್ಪಟ ಕಾಟನ್, ಸೂಪರ್ ಕ್ವಾಲಿಟಿ'. ಹೀಗೆ ಬರೆದ ಸೀರೆಗಳು ಆ್ಯಪ್‌ಗಳಲ್ಲಿ ಬೇಕಾದಷ್ಟಿವೆ. ಇದನ್ನು ಓದಿದವರಿಗೆ ಬಣ್ಣ ಗೊತ್ತಾಗಲ್ಲ, ಉದ್ದ ಗೊತ್ತಾಗಲ್ಲ, ಮಗ್ಗದ್ದೋ ಮಿಷನ್ನಿನದೋ ಅಂತಲೂ ಗೊತ್ತಾಗಲ್ಲ.

ಸುರಪುರದ ರಂಗಂಪೇಟೆಯಲ್ಲಿ ಮಗ್ಗದಿಂದ ಇಳಿದ ಒಂದು ಸೀರೆ ಅಂತಲೇ ಇಟ್ಟುಕೊಳ್ಳೋಣ. ಗಿಣಿಹಸಿರು ಮೈ, ಮೂರು ಇಂಚಿನ ಕುಂಕುಮ ಕೆಂಪು ಅಂಚು. ಮೈ ಹತ್ತಿಯದು, ಅಂಚಿಗೆ ಆರ್ಟ್ ಸಿಲ್ಕ್ ನೂಲು.

ಬರೆಯೋಕೆ ಕೂರುವ ಮೊದಲು ಟೇಪ್ ಹಿಡಿಯಿರಿ. ಮಗ್ಗದ ಮೇಲೆ ಬಟ್ಟೆ ಬಿಗಿಯಾಗಿ ಎಳೆದಿರುತ್ತದೆ, ಇಳಿಸಿದ ಮೇಲೆ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಮಗ್ಗದ ಮೇಲಿನ ಲೆಕ್ಕ ಬರೆಯಬೇಡಿ. ಇಳಿಸಿ ಒಂದು ದಿನ ಬಿಟ್ಟು, ನೆಲದ ಮೇಲೆ ಹಾಸಿ, ಎಳೆಯದೆ ಅಳೆಯಿರಿ. ನಮ್ಮಲ್ಲಿ ಹನ್ನೆರಡು ಮೊಳ ಅಂದರೆ ಸಾಕು, ಆದರೆ ಬೆಂಗಳೂರು, ಪುಣೆಯವರು ಮೀಟರ್ ಕೇಳುತ್ತಾರೆ. ಹನ್ನೆರಡು ಮೊಳ ಅಂದರೆ ಸುಮಾರು 5.5 ಮೀಟರ್. ಅದರ ಜೊತೆ 80 ಸೆಂ.ಮೀ. ಬ್ಲೌಸ್ ಪೀಸ್ ನೇಯ್ದಿದ್ದರೆ ಒಟ್ಟು 6.3 ಮೀಟರ್. ಟೇಪ್ 6.2 ತೋರಿಸಿದರೆ 6.2 ಅಂತಲೇ ಬರೆಯಿರಿ.

ಈಗ ಹೆಸರು. ಮೊಬೈಲ್‌ನಲ್ಲಿ ಹೆಸರಿನ ಮೊದಲ ತುಂಡು ಮಾತ್ರ ಕಾಣುತ್ತದೆ, ಉಳಿದದ್ದು ಚುಕ್ಕಿಗಳ ಹಿಂದೆ ಹೋಗುತ್ತದೆ. ಆದ್ದರಿಂದ ಜನ ಹುಡುಕುವ ಪದಗಳೇ ಮುಂದೆ ಬರಲಿ: ಕೈಮಗ್ಗ, ಹತ್ತಿ, ಸೀರೆ. ಆಮೇಲೆ ಬಣ್ಣ, ಅಂಚು, ಕೊನೆಗೆ ಅಳತೆ. ಹುಡುಕುವವರು ಜಾಸ್ತಿ ಇಂಗ್ಲಿಷಿನಲ್ಲೇ ಟೈಪ್ ಮಾಡುವುದರಿಂದ ಹೆಸರನ್ನು ಹೀಗೆ ಹಾಕಬಹುದು:

```
Handloom Cotton Saree, Parrot Green, Red Art Silk Border, with Blouse, 6.3 m
```

'ಅಪ್ಪಟ ಕಾಟನ್' ಅಂತ ಇದರಲ್ಲಿ ಇಲ್ಲ, ನೋಡಿ. ಅಂಚಿನಲ್ಲಿ ಆರ್ಟ್ ಸಿಲ್ಕ್ ಇರುವಾಗ ಹಾಗೆ ಬರೆಯುವ ಹಾಗಿಲ್ಲ. ಇಳಕಲ್ ಅನ್ನುವ ಹೆಸರೂ ಇಲ್ಲ. ಆ ಪದ ಹಾಕಿದರೆ ನೋಡುವವರು ಹೆಚ್ಚುತ್ತಾರೆ, ನಿಜ. ಆದರೆ ಇಳಕಲ್ ಸೀರೆಗೆ ಜಿಐ ಗುರುತು ಇದೆ, ಅದು ಆ ಭಾಗದ ನೇಕಾರರದು. ರಂಗಂಪೇಟೆ ಸೀರೆಗೆ ರಂಗಂಪೇಟೆ ಅಂತಲೇ ಹೇಳಿ, ಏನೂ ಕಡಿಮೆಯಾಗಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಕೂಡ ಅಷ್ಟೇ. ನೋಂದಣಿ ಮಾಡಿಸಿ ಲೇಬಲ್ ಪಡೆದಿದ್ದರೆ ಮಾತ್ರ ಅದರ ಹೆಸರು ಎತ್ತಿ.

ವಿವರದಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು ಒಂದೇ: ಬಿಚ್ಚಿ ನೋಡಿದಾಗ ಕೊಂಡವರು ಯಾವುದಕ್ಕೆ ಗಾಬರಿಯಾಗುತ್ತಾರೆ? 'ಅಕ್ಕಾರ, ಅಂಚಿಗುಂಟ ತೂತ ಬಿದ್ದಾವಲ್ರಿ' ಅಂತ ಮೆಸೇಜ್ ಬರುತ್ತದೆ. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಹಿಡಿಯುವ ಕಡ್ಡಿಯ ಮೊನೆಗಳು ಮೂಡಿಸಿದ ಗುರುತು ಅದು. ನೇಕಾರರಿಗೆ ಅದು ಕಣ್ಣಿಗೇ ಬೀಳಲ್ಲ, ಕೊಂಡವರಿಗೆ ಅದೇ ಹರಿದ ಸೀರೆ. ನೂಲು ಕಡಿದು ಕಟ್ಟಿದ ಗಂಟೂ ಹೀಗೇ. ಗಂಜಿಯಿಂದ ಬಿರುಸಾಗಿರುವ ಹೊಸ ಬಟ್ಟೆ ಮುಟ್ಟಿದವರಿಗೆ ಇದು ಹತ್ತಿಯೇನಾ ಅಂತಲೂ ಅನುಮಾನ ಬರುತ್ತದೆ. ಇವನ್ನೆಲ್ಲ ಮೊದಲೇ ಬರೆದುಬಿಟ್ಟರೆ ವಾಪಸ್ ಬರೋದು ಕಡಿಮೆ.

ಬಣ್ಣಕ್ಕೂ ಒಂದು ಪರೀಕ್ಷೆ ಇದೆ. ಬಿಳಿ ಬಟ್ಟೆ ಒದ್ದೆ ಮಾಡಿ ಕೆಂಪು ಅಂಚಿನ ಮೇಲೆ ಹತ್ತು ನಿಮಿಷ ಒತ್ತಿಡಿ. ಗುಲಾಬಿ ಕಲೆ ಬಂತೋ, ಆ ಅಂಚು ಹಸಿರು ಮೈಗೂ ಬಣ್ಣ ಬಿಡುತ್ತದೆ. ಅಂಥ ಸೀರೆಗೆ ಮೊದಲು ಅಂಚಿನ ನೂಲಿನ ಬಣ್ಣ ಸರಿಮಾಡಬೇಕು, ವಿವರದಲ್ಲಿ ಸಮಜಾಯಿಷಿ ಕೊಟ್ಟರೆ ಆಗಲ್ಲ. ಕಲೆ ಬರದಿದ್ದರೂ 'ಬಣ್ಣ ಹೋಗಲ್ಲ, ಗ್ಯಾರಂಟಿ' ಅಂತ ಬರೆಯಬೇಡಿ.

ಎಲ್ಲ ಸೇರಿಸಿದರೆ ನಮ್ಮ ಸೀರೆಯ ವಿವರ ಹೀಗಾಗುತ್ತದೆ:

'ಯಾದಗಿರಿ ಜಿಲ್ಲೆಯ ರಂಗಂಪೇಟೆಯಲ್ಲಿ ಕೈಮಗ್ಗದಲ್ಲಿ ನೇಯ್ದ ಸೀರೆ. ಮೈ ಹತ್ತಿ, ಅಂಚು ಆರ್ಟ್ ಸಿಲ್ಕ್. ಗಿಣಿಹಸಿರು ಮೈ, ಕುಂಕುಮ ಕೆಂಪು ಅಂಚು 3 ಇಂಚು. ಸೀರೆ 5.5 ಮೀಟರ್, ಬ್ಲೌಸ್ 80 ಸೆಂ.ಮೀ., ಸೀರೆಗೆ ಸೇರಿಕೊಂಡೇ ಇದೆ, ಕತ್ತರಿಸಿಕೊಳ್ಳಬೇಕು. ಬಟ್ಟೆ ತೆಳು, ಹಸಿರು ಒಳಲಂಗ ಉಟ್ಟರೆ ಒಳ್ಳೆಯದು. ಗಂಜಿ ಇರುವುದರಿಂದ ಮೊದಲು ಬಿರುಸು, ಒಗೆದಂತೆ ಮೆತ್ತಗಾಗುತ್ತದೆ. ಅಂಚಿನ ಸಣ್ಣ ತೂತು, ಅಲ್ಲಲ್ಲಿ ನೂಲಿನ ಗಂಟು ಮಗ್ಗದ ಗುರುತು, ಹರಿದದ್ದಲ್ಲ. ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ. ನೆರಳಲ್ಲಿ ಒಣಗಿಸಿ.'

ಫೋಟೊವನ್ನು ಹಗಲ ಬೆಳಕಿನಲ್ಲಿ ತೆಗೆಯಿರಿ, ಫಿಲ್ಟರ್ ಬೇಡ. ಸ್ಟಾಕ್ ಎಷ್ಟು ಅಂತ ಆ್ಯಪ್ ಕೇಳಿದಾಗ, ಒಂದೇ ಸಲ ಬಣ್ಣ ಹಾಕಿದ ನೂಲಿನಲ್ಲಿ ನೇಯ್ದ ಸೀರೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಮುಂದಿನ ಸಲ ಬಣ್ಣ ಹಾಕಿದಾಗ ಹಸಿರು ಒಂದು ಚೂರು ಬೇರೆಯೇ ಬರುತ್ತದೆ. ಅದಕ್ಕೆ ಹೊಸ ಫೋಟೊ ತೆಗೆದು ಬೇರೆಯಾಗಿಯೇ ಹಾಕಿ.