ಪರವಲಯವು x-ಅಕ್ಷವನ್ನು ಮುಟ್ಟದಿದ್ದಾಗ ಮೂಲಗಳನ್ನು ಎಲ್ಲಿ ಹುಡುಕುವುದು

ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣದ ಶೋಧಕ b² − 4ac ಋಣಸಂಖ್ಯೆಯಾಗಿ ಬಂದರೆ ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದು ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಪಿಯುಸಿಯಲ್ಲಿ i ಪರಿಚಯವಾದ ಮೇಲೆ ಅದೇ ಸಮೀಕರಣಕ್ಕೆ ಎರಡು ಸಂಕೀರ್ಣ ಮೂಲಗಳನ್ನು ಬರೆಯುತ್ತೇವೆ. ಆದರೆ ಹತ್ತನೇ ತರಗತಿಯಲ್ಲಿ ಎಳೆದ ಪರವಲಯಕ್ಕೂ ಪಿಯುಸಿಯಲ್ಲಿ ಗುರುತಿಸಿದ ಆ ಎರಡು ಬಿಂದುಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಎರಡು ಪಾಠಗಳ ನಡುವೆ ಉಳಿದುಬಿಡುತ್ತದೆ. ಗಣಿತ ಪಾಠ ಮಾಡುವ ನನಗೆ ಈ ಪ್ರಶ್ನೆಯನ್ನು ಗ್ರಾಫ್ ಹಾಳೆಯ ಮೇಲೆಯೇ ಬಿಡಿಸಿ ನೋಡಬೇಕೆನ್ನಿಸಿತು. ನಾನು ಮಾಡಿಕೊಂಡ ಕ್ರಮವನ್ನು ಒಂದೇ ಸಮೀಕರಣವನ್ನು ಹಿಡಿದು ಇಲ್ಲಿ ವಿವರಿಸುತ್ತೇನೆ.

ನಾನು ಆರಿಸಿಕೊಂಡ ಸಮೀಕರಣ x² − 4x + 13 = 0. ಇದರ ಶೋಧಕ 16 − 52 = −36. ಸೂತ್ರಕ್ಕೆ ಹಾಕಿದರೆ x = (4 ± √−36)/2, ಅಂದರೆ (4 ± 6i)/2, ಅಂದರೆ 2 ± 3i. ಉತ್ತರ ಎರಡೇ ಸಾಲಿನಲ್ಲಿ ಸಿಗುತ್ತದೆಯಾದರೂ ಈ ದಾರಿಯಲ್ಲಿ 2 ಎಲ್ಲಿಂದ ಬಂತು, 3 ಎಲ್ಲಿಂದ ಬಂತು ಎಂಬುದು ಕಾಣಿಸುವುದಿಲ್ಲ. ಆದ್ದರಿಂದ ನಾನು ಸೂತ್ರವನ್ನು ಬದಿಗಿಟ್ಟು ವರ್ಗವನ್ನು ಪೂರ್ಣಗೊಳಿಸುವ ವಿಧಾನವನ್ನೇ ಹಿಡಿಯುತ್ತೇನೆ. x² − 4x ಎಂಬುದಕ್ಕೆ 4 ಸೇರಿಸಿದರೆ (x − 2)² ಆಗುತ್ತದೆ. 13ರಲ್ಲಿ ಆ 4 ಹೋಗಿ 9 ಉಳಿಯುತ್ತದೆ. ಹೀಗೆ ಸಮೀಕರಣವು (x − 2)² + 9 = 0, ಅಂದರೆ (x − 2)² = −9 ಎಂಬ ರೂಪಕ್ಕೆ ಬರುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯರು ಒಂಬತ್ತನೇ ಶತಮಾನದಲ್ಲಿ ನಿಂತದ್ದು ಇಂಥದೇ ಜಾಗದಲ್ಲಿ: ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಸಂಖ್ಯೆಗಳೆಲ್ಲ ಒಂದೇ ಸರಳರೇಖೆಯ ಮೇಲಿವೆ ಎಂದುಕೊಂಡಿರುವವರೆಗೆ ಆ ಮಾತು ಸಂಪೂರ್ಣ ಸರಿ. ಸಂಖ್ಯೆಗಳಿಗೆ ರೇಖೆಯ ಬದಲು ಇಡೀ ಸಮತಲವನ್ನೇ ಕೊಡುವ ವಿಚಾರ ವೆಸೆಲ್ ಮತ್ತು ಆರ್ಗಾಂಡ್ ಅವರಿಂದ ಬಂದದ್ದು ಸುಮಾರು 1800ರ ಆಸುಪಾಸಿನಲ್ಲಿ. ಆ ಸಮತಲದಲ್ಲಿ i ಯಿಂದ ಗುಣಿಸುವುದೆಂದರೆ ಮೂಲಬಿಂದುವಿನ ಸುತ್ತ 90 ಡಿಗ್ರಿ ತಿರುಗಿಸುವುದು. ಎರಡು ಸಲ ತಿರುಗಿಸಿದರೆ 180 ಡಿಗ್ರಿ, ಅಂದರೆ −1 ರಿಂದ ಗುಣಿಸಿದಂತೆ.

ಈಗ y = (x − 2)² + 9 ಎಂಬ ಪರವಲಯವನ್ನು ಎಳೆಯೋಣ. ಅದರ ಶೃಂಗ (2, 9). ಅಲ್ಲಿಂದ ಎರಡೂ ಕಡೆ ಅದು ಮೇಲಕ್ಕೇ ಏರುತ್ತದೆ, x-ಅಕ್ಷದ ಹತ್ತಿರ ಸುಳಿಯುವುದಿಲ್ಲ. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವುದೇನೆಂದರೆ, 2 + 3i ಮೂಲವನ್ನು ಅದೇ ಹಾಳೆಯ ಮೇಲೆ (2, 3) ಎಂದು ಗುರುತಿಸಿ, ಅದು ಪರವಲಯದ ಮೇಲೆ ಇಲ್ಲದ್ದನ್ನು ಕಂಡು ಲೆಕ್ಕ ತಪ್ಪಿದೆಯೆಂದು ತಿಳಿಯುತ್ತಾರೆ. ಲೆಕ್ಕ ತಪ್ಪಿಲ್ಲ, ಎರಡು ಬೇರೆ ಬೇರೆ ಸಮತಲಗಳು ಒಂದೇ ಹಾಳೆಯ ಮೇಲೆ ಬಿದ್ದಿವೆ. ಪರವಲಯದ ಹಾಳೆಯಲ್ಲಿ ಲಂಬ ಅಕ್ಷವು ರಾಶಿಯ ಬೆಲೆಯನ್ನು ತೋರಿಸುತ್ತದೆ; ಸಂಕೀರ್ಣ ಸಮತಲದಲ್ಲಿ ಲಂಬ ಅಕ್ಷವು x ನ ಕಾಲ್ಪನಿಕ ಭಾಗವನ್ನು ತೋರಿಸುತ್ತದೆ. ಅದಕ್ಕಾಗಿ ನಾನು ಎರಡು ಹಾಳೆಗಳನ್ನು ಬಳಸುತ್ತೇನೆ: ಮೇಲೆ ಪರವಲಯದ ಹಾಳೆ, ಕೆಳಗೆ ಸಂಕೀರ್ಣ ಸಮತಲದ ಹಾಳೆ, ಎರಡರಲ್ಲಿಯೂ ಅಡ್ಡ ಅಕ್ಷಕ್ಕೆ ಒಂದೇ ಅಳತೆ, ಮತ್ತು 2 ಎಂಬ ಗುರುತು ಒಂದರ ಕೆಳಗೊಂದು ನೇರವಾಗಿ ಬರುವಂತೆ ಜೋಡಣೆ. ಮೂಲಗಳ ವಾಸ್ತವ ಭಾಗ 2 ಏಕೆ ಎಂಬುದು ಈ ಜೋಡಣೆಯಲ್ಲಿಯೇ ಸ್ಪಷ್ಟವಾಗುತ್ತದೆ, ಏಕೆಂದರೆ ಪರವಲಯದ ಸಮಮಿತಿಯ ಅಕ್ಷವನ್ನು ಕೆಳಗಿನ ಹಾಳೆಗೆ ಮುಂದುವರಿಸಿದರೆ ಎರಡೂ ಮೂಲಗಳು ಆ ಗೆರೆಯ ಮೇಲೆಯೇ ಕುಳಿತಿರುತ್ತವೆ.

ಇನ್ನು 3 ಎಂಬುದನ್ನು ಪರವಲಯದಿಂದಲೇ ಓದಬೇಕು. ಶೃಂಗದ ಎತ್ತರ 9 ಅಷ್ಟೆ? ಅದರ ಎರಡರಷ್ಟು, ಅಂದರೆ 18ರ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಅದು ಪರವಲಯವನ್ನು x = −1 ಮತ್ತು x = 5 ರಲ್ಲಿ ಕತ್ತರಿಸುತ್ತದೆ. ಈ ಎರಡು ಬಿಂದುಗಳು ಸಮಮಿತಿಯ ಅಕ್ಷದಿಂದ ತಲಾ 3 ಮಾನ ದೂರದಲ್ಲಿವೆ. ನಮಗೆ ಬೇಕಾದ 3 ಇದೇ. ಈಗ ಕೆಳಗಿನ ಹಾಳೆಯ ವಾಸ್ತವ ಅಕ್ಷದ ಮೇಲೆ −1 ಮತ್ತು 5 ಗುರುತಿಸಿ, 2ರ ಮೇಲೆ ಕೈವಾರದ ಮುಳ್ಳನ್ನಿಟ್ಟು ಆ ಎರಡು ಬಿಂದುಗಳ ಮೂಲಕ ವೃತ್ತ ಎಳೆದರೆ, ಲಂಬ ಗೆರೆಯನ್ನು ಅದು 2 + 3i ಮತ್ತು 2 − 3i ಎಂಬ ಬಿಂದುಗಳಲ್ಲಿ ಕತ್ತರಿಸುತ್ತದೆ. −1 ಮತ್ತು 5 ಎಂಬ ವಾಸ್ತವ ಬಿಂದುಗಳನ್ನು 2ರ ಸುತ್ತ 90 ಡಿಗ್ರಿ ತಿರುಗಿಸಿದಂತೆ ಇದು.

ಈ ರಚನೆ ಏಕೆ ಸರಿಯಾಗುತ್ತದೆ ಎಂಬುದನ್ನು ತಿಳಿಯದೆ ಮುಂದೆ ಹೋಗಲು ನನಗೆ ಮನಸ್ಸಿರಲಿಲ್ಲ, ಮತ್ತು ಇಡೀ ವಿಷಯದ ತಿರುಳು ಇರುವುದೂ ಇಲ್ಲಿಯೇ. x ಗೆ ವಾಸ್ತವ ಬೆಲೆಗಳನ್ನು ಕೊಡುವ ಬದಲು, ಸಮಮಿತಿಯ ಅಕ್ಷದ ಗೆರೆಯ ಮೇಲಿನ ಸಂಕೀರ್ಣ ಬೆಲೆಗಳನ್ನು, ಅಂದರೆ 2 + ti ರೂಪದ ಬೆಲೆಗಳನ್ನು ಕೊಟ್ಟು ನೋಡಿ. ಆಗ (x − 2)² + 9 ಎಂಬುದು (ti)² + 9, ಅಂದರೆ 9 − t² ಆಗುತ್ತದೆ. ಸಂಕೀರ್ಣ ಸಂಖ್ಯೆಯನ್ನು ಹಾಕಿದರೂ ಬಂದ ಬೆಲೆ ವಾಸ್ತವ ಸಂಖ್ಯೆಯೇ ಎಂಬುದನ್ನು ಗಮನಿಸಬೇಕು. ಹಾಗಾಗಿ ಈ ಬೆಲೆಗಳನ್ನೂ ಎತ್ತರವಾಗಿ ಚಿತ್ರಿಸಬಹುದು, ಮತ್ತು ಬರುವ ನಕ್ಷೆಯು ಅದೇ ಶೃಂಗದಿಂದ ಕೆಳಮುಖವಾಗಿ ಇಳಿಯುವ ಇನ್ನೊಂದು ಪರವಲಯ. ಅದು ಮೊದಲಿನ ಪರವಲಯದ ಸಮತಲಕ್ಕೆ ಲಂಬವಾದ ಸಮತಲದಲ್ಲಿದೆ. ಹಾಳೆಯಲ್ಲಿ ಮೊದಲನೆಯದು ಇದ್ದರೆ ಎರಡನೆಯದು ಹಾಳೆಯಿಂದ ನಮ್ಮ ಕಡೆಗೂ ಹಿಂದಕ್ಕೂ ಚಾಚಿಕೊಂಡಿರುತ್ತದೆ. t = 3 ಮತ್ತು t = −3 ಆದಾಗ ಅದರ ಎತ್ತರ ಸೊನ್ನೆ. ನಾವು ಹುಡುಕುತ್ತಿದ್ದ ಮೂಲಗಳು ಆ ಎರಡನೆಯ ಪರವಲಯವು ನೆಲ ಮುಟ್ಟುವ ಜಾಗಗಳು. ಎರಡೂ ಪರವಲಯಗಳು ಒಂದೇ ಆಕಾರದವಾದ್ದರಿಂದ, ಮೊದಲನೆಯದು ಶೃಂಗದಿಂದ 9 ಮಾನ ಏರುವಾಗ ಎಷ್ಟು ಅಗಲವಾಗುತ್ತದೆಯೋ ಎರಡನೆಯದು 9 ಮಾನ ಇಳಿಯುವಾಗಲೂ ಅಷ್ಟೇ ಅಗಲವಾಗುತ್ತದೆ. ಎರಡರಷ್ಟು ಎತ್ತರದ ಅಡ್ಡಗೆರೆ ಕೆಲಸ ಮಾಡುವುದು ಈ ಕಾರಣದಿಂದ. ತರಗತಿಯಲ್ಲಿ ಎರಡು ರಟ್ಟುಗಳಲ್ಲಿ ಈ ಪರವಲಯಗಳನ್ನು ಕತ್ತರಿಸಿ, ಸೀಳು ಮಾಡಿ ಒಂದಕ್ಕೊಂದು ಅಡ್ಡಲಾಗಿ ಸಿಕ್ಕಿಸಿ ತೋರಿಸಿದರೆ ಬೇರೆ ವಿವರಣೆ ಹೆಚ್ಚು ಬೇಕಾಗುವುದಿಲ್ಲ.

x² ನ ಸಹಗುಣಕ 1 ಅಲ್ಲದಿದ್ದಾಗ ಎಚ್ಚರ ಬೇಕು. ಮೇಲಿನ ಉದಾಹರಣೆಯಲ್ಲಿ ಶೃಂಗದ ಎತ್ತರ 9, ಕಾಲ್ಪನಿಕ ಭಾಗ 3. ಇದನ್ನು ನೋಡಿದವರು ಎತ್ತರದ ವರ್ಗಮೂಲವೇ ಕಾಲ್ಪನಿಕ ಭಾಗವೆಂದು ನಿಯಮ ಮಾಡಿಕೊಳ್ಳುವ ಸಾಧ್ಯತೆಯಿದೆ. 2x² + 2x + 5 = 0 ತೆಗೆದುಕೊಳ್ಳೋಣ. ಇದರ ಶೃಂಗವು x = −1/2 ರಲ್ಲಿದೆ, ಅಲ್ಲಿನ ಎತ್ತರ 4.5. ಶೋಧಕ 4 − 40 = −36, ಮೂಲಗಳು −1/2 ± (3/2)i. ಕಾಲ್ಪನಿಕ ಭಾಗ 1.5 ಆಗಿದೆಯೇ ಹೊರತು √4.5 ಅಲ್ಲ, ಎತ್ತರವನ್ನು ಮೊದಲು ಸಹಗುಣಕ 2 ರಿಂದ ಭಾಗಿಸಿ 2.25 ಪಡೆದು ಆಮೇಲೆ ವರ್ಗಮೂಲ ತೆಗೆಯಬೇಕು. ಅಡ್ಡಗೆರೆಯ ವಿಧಾನದಲ್ಲಿ ಈ ಚಿಂತೆಯಿಲ್ಲ. 9ರ ಎತ್ತರದಲ್ಲಿ ಗೆರೆ ಎಳೆದರೆ ಅದು ಪರವಲಯವನ್ನು −2 ಮತ್ತು 1 ರಲ್ಲಿ ಕತ್ತರಿಸುತ್ತದೆ, ಅಕ್ಷದಿಂದ ದೂರ 1.5 ಎಂದು ನೇರವಾಗಿ ಸಿಗುತ್ತದೆ. ಅಳತೆಯೆಲ್ಲ ಅಡ್ಡ ದಿಕ್ಕಿನಲ್ಲಿಯೇ ಆಗುವುದರಿಂದ ಪರವಲಯದ ಹಾಳೆಯ ಲಂಬ ಅಕ್ಷಕ್ಕೆ ಬೇರೆ ಅಳತೆ ಇಟ್ಟುಕೊಂಡರೂ ತೊಂದರೆಯಿಲ್ಲ. ಆದರೆ ವೃತ್ತ ಎಳೆಯುವ ಕೆಳಗಿನ ಹಾಳೆಯಲ್ಲಿ ಎರಡೂ ಅಕ್ಷಗಳಿಗೆ ಒಂದೇ ಅಳತೆ ಇರಲೇಬೇಕು.

ಬಿಂದುಗಳನ್ನು ಗುರುತಿಸಿದ ಮೇಲೆ ನಾನು ಎರಡು ರೀತಿಯಲ್ಲಿ ತಾಳೆ ನೋಡುತ್ತೇನೆ. ಒಂದು, ನೇರವಾಗಿ ಆದೇಶಿಸುವುದು: (2 + 3i)² ಎಂದರೆ −5 + 12i, ಅದಕ್ಕೆ −8 − 12i ಸೇರಿಸಿ 13 ಕೂಡಿದರೆ ಸೊನ್ನೆ. ಇನ್ನೊಂದು, ಚಿತ್ರದಲ್ಲಿ ನೋಡುವುದು: ಮೂಲಗಳ ಗುಣಲಬ್ಧ 2² + 3² = 13, ಇದು ಮೂಲಬಿಂದುವಿನಿಂದ ಆ ಬಿಂದುವಿಗಿರುವ ದೂರದ ವರ್ಗವೂ ಹೌದು. ಆದ್ದರಿಂದ √13 ತ್ರಿಜ್ಯದ ವೃತ್ತವನ್ನು ಮೂಲಬಿಂದುವಿನ ಸುತ್ತ ಎಳೆದರೆ ಎರಡೂ ಮೂಲಗಳು ಅದರ ಮೇಲೆ ಬೀಳಬೇಕು.

ಈ ವೃತ್ತ ತಾಳೆ ನೋಡುವುದಕ್ಕೆ ಮಾತ್ರವಲ್ಲ, ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. 13 ಅನ್ನು ಹಾಗೆಯೇ ಇಟ್ಟು x ನ ಸಹಗುಣಕವನ್ನಷ್ಟೇ ಬದಲಿಸುತ್ತ ಹೋದೆ. −6 ಇಟ್ಟರೆ ಮೂಲಗಳು 3 ± 2i, 0 ಇಟ್ಟರೆ ±√13 i, 6 ಇಟ್ಟರೆ −3 ± 2i. ಎಲ್ಲವೂ ಅದೇ ವೃತ್ತದ ಮೇಲೆ ಸರಿಯುತ್ತವೆ, ಒಂದು ಮೇಲಿನ ಅರ್ಧದಲ್ಲಿ, ಇನ್ನೊಂದು ಅದಕ್ಕೆ ಸರಿಯಾಗಿ ಕೆಳಗಿನ ಅರ್ಧದಲ್ಲಿ. ಸಹಗುಣಕ −7 ಆದಾಗ ಅವು 3.5 ರ ಗೆರೆಯ ಮೇಲೆ ವಾಸ್ತವ ಅಕ್ಷಕ್ಕೆ ಬಹಳ ಸಮೀಪ ಬರುತ್ತವೆ, −2√13 ರಲ್ಲಿ, ಅಂದರೆ ಸುಮಾರು −7.21 ರಲ್ಲಿ, ಅಕ್ಷದ ಮೇಲೆ ಒಂದಾಗುತ್ತವೆ. ಅದನ್ನು ದಾಟಿದ ಮೇಲೆ ವೃತ್ತವನ್ನು ಬಿಟ್ಟು ಅಕ್ಷದ ಮೇಲೆಯೇ ಒಂದು ಒಳಕ್ಕೆ, ಒಂದು ಹೊರಕ್ಕೆ ಹೋಗುತ್ತವೆ. −14 ರಲ್ಲಿ ಅವು 1 ಮತ್ತು 13.

ಸಹಗುಣಕ −4 ಅನ್ನು ಇಟ್ಟುಕೊಂಡು ಕೊನೆಯ ಸಂಖ್ಯೆಯನ್ನು ಇಳಿಸಿದರೆ ದಾರಿ ಬೇರೆ. 13, 8, 5 ಎಂದು ಇಳಿದಂತೆ ಮೂಲಗಳು ಲಂಬ ಗೆರೆಯ ಮೇಲೆ 3, 2, 1 ಎಂದು ಅಕ್ಷದ ಕಡೆಗೆ ಬರುತ್ತವೆ, 4 ರಲ್ಲಿ ಕೂಡುತ್ತವೆ, 3 ರಲ್ಲಿ 1 ಮತ್ತು 3 ಆಗಿ ಪಕ್ಕಕ್ಕೆ ಸರಿಯುತ್ತವೆ. ಇಲ್ಲಿ ಒಂದು ಮಿತಿಯನ್ನು ನೆನಪಿಡಬೇಕು. ಕೊನೆಯ ಸಂಖ್ಯೆ 4.01 ಆದರೆ ಕಾಲ್ಪನಿಕ ಭಾಗ 0.1, ಅದು 4.04 ಆದರೆ 0.2. ಸಂಖ್ಯೆಯಲ್ಲಿ 0.03ರಷ್ಟು ವ್ಯತ್ಯಾಸವಾದರೆ ಕಾಲ್ಪನಿಕ ಭಾಗ ಇಮ್ಮಡಿಯಾಗುತ್ತದೆ. ಹಾಗಾಗಿ ಸಹಗುಣಕಗಳು ಯಾವುದೋ ಅಳತೆಯಿಂದ ಬಂದಿದ್ದು ಶೋಧಕ ಸೊನ್ನೆಗೆ ಹತ್ತಿರವಿದ್ದರೆ, ಮೂಲಗಳು ಸಂಕೀರ್ಣವೋ ವಾಸ್ತವವೋ ಎಂಬುದನ್ನು ಕೂಡ ಚಿತ್ರದಿಂದ ನಿಶ್ಚಯಿಸಬಾರದು.

ಮೂಲಗಳು ಅಕ್ಷದ ಎರಡು ಬದಿಗೆ ಪ್ರತಿಬಿಂಬಗಳಂತೆ ಕೂರುವುದು ಸಹಗುಣಕಗಳೆಲ್ಲ ವಾಸ್ತವವಾಗಿರುವುದರಿಂದ. ಇಡೀ ಸಮತಲವನ್ನು ವಾಸ್ತವ ಅಕ್ಷದ ಸುತ್ತ ಮಗುಚಿದರೆ ವಾಸ್ತವ ಸಹಗುಣಕಗಳು ಇದ್ದಲ್ಲೇ ಇರುತ್ತವೆ, ಸಮೀಕರಣ ಬದಲಾಗುವುದಿಲ್ಲ. ಆದ್ದರಿಂದ ಒಂದು ಮೂಲದ ಪ್ರತಿಬಿಂಬವೂ ಮೂಲವೇ ಆಗಬೇಕು. ಸಹಗುಣಕದಲ್ಲಿ i ಬಂದೊಡನೆ ಈ ಆಧಾರ ತಪ್ಪುತ್ತದೆ: x² + ix + 2 = 0 ರ ಮೂಲಗಳು i ಮತ್ತು −2i. ಅವೆರಡೂ ಕಾಲ್ಪನಿಕ ಅಕ್ಷದ ಮೇಲಿವೆ, ವಾಸ್ತವ ಅಕ್ಷದಿಂದ ಒಂದು 1 ಮಾನ, ಇನ್ನೊಂದು 2 ಮಾನ ದೂರದಲ್ಲಿವೆ, ಒಂದು ಇನ್ನೊಂದರ ಸಂಯುಗ್ಮವಲ್ಲ. ಇಂಥ ಸಮೀಕರಣಕ್ಕೆ ಎಳೆಯಲು ವಾಸ್ತವ ಪರವಲಯವೂ ಇರುವುದಿಲ್ಲ, ಆದ್ದರಿಂದ ಅಡ್ಡಗೆರೆಯ ವಿಧಾನವನ್ನು ನಾನು ವಾಸ್ತವ ಸಹಗುಣಕಗಳ ಸಮೀಕರಣಗಳಿಗೆ ಮಾತ್ರ ಬಳಸುತ್ತೇನೆ.