ಮೊದಲು ಗಟ್ಟಿ ಉಳಿತಾಯ, ಆಮೇಲೆ ಹಗುರ ಕೆಲಸ: ಲೆಕ್ಕ ಹಾಕುವುದು ಹೇಗೆ?

ದುಡಿಮೆಯ ಮೊದಲ ಹತ್ತು ಹನ್ನೆರಡು ವರ್ಷ ಗಟ್ಟಿಯಾಗಿ ಉಳಿಸುವುದು. ಆ ದುಡ್ಡನ್ನು ಮುಟ್ಟದೆ ನಿವೃತ್ತಿಯವರೆಗೆ ಬೆಳೆಯಲು ಬಿಡುವುದು. ಆಮೇಲೆ ಮನೆಖರ್ಚಿಗೆ ಸಾಲುವಷ್ಟು ಮಾತ್ರ ಸಂಬಳ ಬರುವ, ಒತ್ತಡ ಕಡಿಮೆ ಇರುವ ಕೆಲಸಕ್ಕೆ ಹೋಗುವುದು. ಇದನ್ನು ಕೋಸ್ಟ್ ಎಫ್‌ಐ ಎನ್ನುತ್ತಾರೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನನ್ನ ಜೊತೆ ಕೆಲಸ ಮಾಡಿದ ಹಲವರು ಇದರ ಲೆಕ್ಕ ಹಾಕಿ ತಂದು ತೋರಿಸಿದ್ದಾರೆ. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಅದಕ್ಕೇ ಈ ಲೇಖನ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ 35 ವರ್ಷದ ಮಹಿಳೆ. ಮೈಸೂರಿಗೆ ಹೋಗಿ ಕಾಲೇಜಿನಲ್ಲಿ ಪಾಠ ಮಾಡುವ ಆಸೆ. 60ಕ್ಕೆ ನಿವೃತ್ತಿ.

ಹಂತ 1: ನಿವೃತ್ತಿಯ ಖರ್ಚು, ಇಂದಿನ ಬೆಲೆಯಲ್ಲಿ

ನಿವೃತ್ತಿಯ ನಂತರ ತಿಂಗಳಿಗೆ ಎಷ್ಟು ಬೇಕು ಅಂತ ಇಂದಿನ ಬೆಲೆಯಲ್ಲೇ ಬರೆಯಿರಿ. ಇವರಿಗೆ 50,000 ರೂಪಾಯಿ, ಅಂದರೆ ವರ್ಷಕ್ಕೆ 6 ಲಕ್ಷ. ಇದನ್ನು 30ರಿಂದ ಗುಣಿಸಿದರೆ ನಿವೃತ್ತಿಯ ದಿನ ಕೈಯಲ್ಲಿರಬೇಕಾದ ಮೊತ್ತ: 1.8 ಕೋಟಿ. ಹಲವರು 25ರಿಂದ ಗುಣಿಸುತ್ತಾರೆ. ಆ 25 ಬಂದದ್ದು ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಮಾಡಿದ ಲೆಕ್ಕದಿಂದ. ಅದು ಅಲ್ಲಿಯ ಷೇರು, ಬಾಂಡ್ ಮತ್ತು ಬೆಲೆ ಏರಿಕೆಯನ್ನು ನೋಡಿ, 30 ವರ್ಷದ ನಿವೃತ್ತಿಗೆ ಮಾಡಿದ್ದು. ನಮ್ಮಲ್ಲಿ ಬೆಲೆ ಏರುವ ವೇಗ ಜಾಸ್ತಿ. 30ಕ್ಕಿಂತ ಕಡಿಮೆಗೆ ಇಳಿಯಬೇಡಿ.

ಹಂತ 2: ಇಂದು ಕೈಯಲ್ಲಿ ಎಷ್ಟಿರಬೇಕು?

ಎಡವುವ ಜಾಗ ಇದೇ. ಸ್ವಲ್ಪ ನಿಧಾನವಾಗಿ ಓದಿ.

1.8 ಕೋಟಿ ಇಂದಿನ ಬೆಲೆಯ ಮೊತ್ತ. ಅದು ಸೇರಬೇಕಾದ್ದು 25 ವರ್ಷದ ನಂತರ. ಹಲವರು ಏನು ಮಾಡುತ್ತಾರೆಂದರೆ, ಮ್ಯೂಚುವಲ್ ಫಂಡ್ 12% ಕೊಡುತ್ತದೆ ಅಂದುಕೊಂಡು 25 ವರ್ಷಕ್ಕೆ ಲೆಕ್ಕ ಹಾಕುತ್ತಾರೆ. 12%ರಲ್ಲಿ ದುಡ್ಡು 25 ವರ್ಷದಲ್ಲಿ 17 ಪಟ್ಟಾಗುತ್ತದೆ. 1.8 ಕೋಟಿಯನ್ನು 17ರಿಂದ ಭಾಗಿಸಿದರೆ 10.6 ಲಕ್ಷ. "ಅಷ್ಟು ನನ್ನ ಪಿಎಫ್‌ನಲ್ಲೇ ಇದೆ, ನಾಳೆಯೇ ರಾಜೀನಾಮೆ ಕೊಡಬಹುದು" ಅಂತ ಖುಷಿಪಡುತ್ತಾರೆ. ಆದರೆ 25 ವರ್ಷದ ನಂತರದ 1.8 ಕೋಟಿಗೆ ಇಂದಿನ 1.8 ಕೋಟಿಯ ಬೆಲೆ ಇರುವುದಿಲ್ಲ, ಅಲ್ವಾ? ಖರ್ಚನ್ನು ಇಂದಿನ ಬೆಲೆಯಲ್ಲಿ ಬರೆದಿದ್ದರೆ, ಬೆಳವಣಿಗೆಯಿಂದಲೂ ಬೆಲೆ ಏರಿಕೆಯನ್ನು ಕಳೆಯಲೇಬೇಕು.

ಕಳೆಯುವುದು ಹೀಗೆ. ಬೆಲೆ ಏರಿಕೆ ವರ್ಷಕ್ಕೆ 6% ಅಂತ ಇಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ಗುರಿ 4% ಇದ್ದರೂ, ಇಷ್ಟು ದೂರದ ಲೆಕ್ಕಕ್ಕೆ ಅದರ ಮೇಲ್ಮಿತಿಯಾದ 6%ವನ್ನೇ ಹಿಡಿಯಬೇಕು. ಷೇರು ಫಂಡ್‌ಗೆ 11% ಅಂದರೆ ನಿಜವಾಗಿ ಸಿಗುವುದು ಸುಮಾರು 5%. ಪಿಎಫ್‌ಗೆ 2024-25ರಲ್ಲಿ ಕೊಟ್ಟದ್ದು 8.25%. ಅದರಲ್ಲಿ ನಿಜವಾಗಿ ಉಳಿಯುವುದು ಸುಮಾರು 2%. ನೂರರಲ್ಲಿ 60 ಷೇರು ಫಂಡ್‌ನಲ್ಲಿ, 40 ಪಿಎಫ್ ಮತ್ತು ಪಿಪಿಎಫ್‌ನಲ್ಲಿ ಇದ್ದರೆ ಒಟ್ಟು ಸುಮಾರು 4%. ಇದಕ್ಕಿಂತ ಮೇಲೆ ಹೋಗಬೇಡಿ.

4%ರಲ್ಲಿ ದುಡ್ಡು 25 ವರ್ಷದಲ್ಲಿ 2.67 ಪಟ್ಟಾಗುತ್ತದೆ. 1.8 ಕೋಟಿ ಭಾಗಿಸು 2.67, ಅಂದರೆ 67.5 ಲಕ್ಷ. ಇವರಿಗೆ ಇಂದು ಬೇಕಾದ ಮೊತ್ತ ಇದು. ಎಕ್ಸೆಲ್‌ನಲ್ಲಿ ಹೀಗೆ ಬರೆಯಿರಿ:

```
=18000000/(1.04^25)
```

ಅದೇ ಕೋಶದಲ್ಲಿ 1.04ನ್ನು 1.03 ಮಾಡಿ ನೋಡಿ. 86 ಲಕ್ಷ ಬರುತ್ತದೆ. 1.05 ಮಾಡಿದರೆ 53 ಲಕ್ಷ. ಒಂದು ಪರ್ಸೆಂಟ್ ಆಚೀಚೆಯಾದರೆ ಹದಿನೈದಿಪ್ಪತ್ತು ಲಕ್ಷ ವ್ಯತ್ಯಾಸ. ಹಾಗಾಗಿ 67.5 ಮುಟ್ಟಿದ ದಿನವೇ ಕೆಲಸ ಬಿಡುವುದು ಬೇಡ. 75 ಲಕ್ಷ ಆಗುವವರೆಗೆ ಕಾಯಿರಿ. ಆನ್‌ಲೈನ್ ಕ್ಯಾಲ್ಕುಲೇಟರ್ ಬಳಸುವುದಾದರೆ, ಅದರಲ್ಲಿ ಮೊದಲೇ ತುಂಬಿಟ್ಟಿರುವ 12% ಅಥವಾ 15%ವನ್ನು ಅಳಿಸಿ, ಬೆಲೆ ಏರಿಕೆ ಕೇಳುವ ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಮುಚ್ಚಿಬಿಡಿ.

ಈ ಮೊತ್ತಕ್ಕೆ ಯಾವುದನ್ನು ಸೇರಿಸಬೇಕು? ಪಿಎಫ್, ಪಿಪಿಎಫ್, ಎನ್‌ಪಿಎಸ್, ಷೇರು ಫಂಡ್. ವಾಸದ ಮನೆ, ಮೈಮೇಲಿನ ಚಿನ್ನ, ಮಕ್ಕಳ ಓದಿಗೆ ಇಟ್ಟದ್ದು, ಆರು ತಿಂಗಳ ತುರ್ತು ಹಣ ಇವು ಯಾವುವೂ ಸೇರುವುದಿಲ್ಲ. ಊರಿನ ಸೈಟ್ ಮಾರುವ ಮನಸ್ಸು ನಿಜವಾಗಿ ಇದ್ದರೆ ಮಾತ್ರ ಸೇರಿಸಿ.

ಹಂತ 3: ಕೂಡಿಡುವುದು

ತಿಂಗಳಿಗೆ 25,000 ರೂಪಾಯಿ, 12 ವರ್ಷ, 10% ಬೆಳವಣಿಗೆ ಸಿಕ್ಕರೆ ಸುಮಾರು 69 ಲಕ್ಷ. ಇದರಲ್ಲಿ ಪಿಎಫ್‌ನ ನಿಮ್ಮ ಪಾಲು, ಕಂಪನಿಯ ಪಾಲು ಎರಡೂ ಸೇರುತ್ತವೆ. ಉಳಿದದ್ದು ಇಂಡೆಕ್ಸ್ ಫಂಡ್‌ನ ಡೈರೆಕ್ಟ್ ಪ್ಲಾನ್‌ಗೆ ಎಸ್‌ಐಪಿ.

ನೆಂಟರು, ಪರಿಚಯದ ಏಜೆಂಟರು ತಂದುಕೊಡುವ "ಹಣ ವಾಪಸ್" ಪಾಲಿಸಿಗಳನ್ನು ಮುಟ್ಟಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಸಿಗುವುದು 5-6%. ಬೆಲೆ ಏರಿಕೆ ಕಳೆದರೆ ಏನೂ ಉಳಿಯುವುದಿಲ್ಲ. ಜೀವವಿಮೆಗೆ ಟರ್ಮ್ ಪಾಲಿಸಿ ಸಾಕು.

ಹಂತ 4: ಕೆಲಸ ಬಿಡುವ ಮೊದಲು

ಆರೋಗ್ಯ ವಿಮೆಯನ್ನು ಮೂರು ವರ್ಷ ಮುಂಚೆಯೇ ಸ್ವಂತಕ್ಕೆ ಮಾಡಿಸಿ. ಕಂಪನಿಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಬಿಪಿ, ಶುಗರ್‌ಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಕೆಲಸದಲ್ಲಿರುವಾಗಲೇ ಆ ಕಾಯುವಿಕೆ ಮುಗಿದುಬಿಡಲಿ.

ಆಮೇಲೆ ಮುಂದಿನ ಸಂಬಳದಲ್ಲಿ ಈಗಲೇ ಬದುಕಿ ನೋಡಿ. ಕಾಲೇಜಿನಲ್ಲಿ 60,000 ಸಿಗುವುದಾದರೆ ಆರು ತಿಂಗಳು ಅಷ್ಟರಲ್ಲೇ ಮನೆ ನಡೆಸಿ. ಮೈಸೂರಿನಲ್ಲಿ ಬಾಡಿಗೆ ಕಡಿಮೆ ಎಂಬ ನೆಪ ಬೇಡ. ಶಾಲೆ ಫೀಸು, ವಿಮೆಯ ಕಂತು, ಊರಿನ ಮದುವೆ-ಮುಂಜಿ ಎಲ್ಲ ಅದರಲ್ಲೇ ಬರಬೇಕು. ಆರು ತಿಂಗಳಲ್ಲಿ ಒಮ್ಮೆಯಾದರೂ ಉಳಿತಾಯಕ್ಕೆ ಕೈ ಹಾಕಿದರೆ ಆ ಸಂಬಳ ಸಾಲದು ಅಂತಲೇ ಅರ್ಥ. ಗೃಹಸಾಲ ಇದ್ದರೆ ಮೊದಲು ತೀರಿಸಿ.

ಹಂತ 5: ಪಿಎಫ್ ತೆಗೆಯಬೇಡಿ

ಕೆಲಸ ಬಿಟ್ಟ ಮೇಲೆ ಕಾರಿಗೋ, ಮನೆ ರಿಪೇರಿಗೋ ಅಂತ ಪಿಎಫ್ ತೆಗೆದು ಇಡೀ ಯೋಜನೆ ಮುರಿದವರನ್ನು ನೋಡಿದ್ದೇನೆ. ಹೊಸ ಕೆಲಸದಲ್ಲಿ ಪಿಎಫ್ ಇದ್ದರೆ ಯುಎಎನ್ ಮೂಲಕ ವರ್ಗಾಯಿಸಿ. ಇಲ್ಲದಿದ್ದರೆ ಹಾಗೇ ಬಿಡಿ, 58 ವರ್ಷದವರೆಗೆ ಬಡ್ಡಿ ಬರುತ್ತದೆ. ಆದರೆ ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಉಂಟು. ಹಂತ 2ರಲ್ಲಿ 75 ಲಕ್ಷದವರೆಗೆ ಕಾಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ.

ಹಂತ 6: ವರ್ಷಕ್ಕೊಮ್ಮೆ ತಾಳೆ ನೋಡುವುದು

ಪ್ರತಿ ಏಪ್ರಿಲ್‌ನಲ್ಲಿ ಅದೇ ಲೆಕ್ಕ ಮತ್ತೆ ಹಾಕಿ. ಬೆಲೆ 6% ಏರಿದರೆ ಇವರ 36ನೇ ವಯಸ್ಸಿಗೆ 1.8 ಕೋಟಿ 1.91 ಕೋಟಿ ಆಗಿರುತ್ತದೆ, ಉಳಿದ ವರ್ಷ 24. ಆಗ ಕೈಯಲ್ಲಿ 74.4 ಲಕ್ಷ ಇರಬೇಕು.

ಇರದಿದ್ದರೆ? 2020ರ ಜನವರಿಯಲ್ಲಿ 42,000ದ ಹತ್ತಿರ ಇದ್ದ ಸೆನ್ಸೆಕ್ಸ್ ಮಾರ್ಚ್‌ನಲ್ಲಿ 26,000ಕ್ಕೆ ಬಂದಿತ್ತು. ಅಂಥ ವರ್ಷ ಷೇರು ಫಂಡ್ ಮಾರಬೇಡಿ, ಹಳೆಯ ಕೆಲಸಕ್ಕೂ ಓಡಬೇಡಿ. ಎರಡು ಏಪ್ರಿಲ್ ಕಳೆದರೂ ಕೊರತೆ 10%ಕ್ಕಿಂತ ಜಾಸ್ತಿ ಇದ್ದರೆ ಆಗ ಏನಾದರೂ ಮಾಡಬೇಕು. ಸಂಜೆ ಟ್ಯೂಷನ್ನೋ, ರಜೆಯಲ್ಲಿ ಗುತ್ತಿಗೆ ಕೆಲಸವೋ ಹಿಡಿದು ಎಸ್‌ಐಪಿ ಮತ್ತೆ ಶುರು ಮಾಡಬಹುದು. ಅಥವಾ ನಿವೃತ್ತಿಯನ್ನು 62ಕ್ಕೆ ಮುಂದೂಡಬಹುದು. ಇವರ ಮೊದಲ ಲೆಕ್ಕದಲ್ಲಿ ಆ ಎರಡೇ ವರ್ಷದಿಂದ 67.5 ಲಕ್ಷದ ಗುರಿ 62.4 ಲಕ್ಷಕ್ಕೆ ಇಳಿಯುತ್ತದೆ. ಪಾಠ ಮಾಡುವುದು ಇಷ್ಟವಾಗಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ.